ವಿಮಾನ ರದ್ದಾಯ್ತು, ಕಾರಣ ‘ವೆದರ್’ ಅಂದ್ರು: ಪರಿಹಾರ ಯಾವಾಗ ಸಿಗುತ್ತದೆ, ಯಾವಾಗ ಇಲ್ಲ

ಬಾಗಲಕೋಟೆಯ ನಮ್ಮ ಕಾಕಾ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿದ್ದರು. ವಾಪಸ್ ಬರಲು ಸಂಜೆ 6.40ರ ಬೆಳಗಾವಿ ವಿಮಾನ. ಸಾಂಬ್ರಾದಲ್ಲಿ ಇಳಿದು ರಾತ್ರಿ ಅಲ್ಲೇ ಮಗಳ ಮನೆಯಲ್ಲಿ ಉಳಿದು, ಮರುದಿನ ಊರಿಗೆ ಹೋಗುವ ಲೆಕ್ಕ. ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು ಕೂತವರಿಗೆ ಮೊದಲು 7.30 ಅಂದರು, ಆಮೇಲೆ 8.45 ಅಂದರು, 9.10ಕ್ಕೆ ರದ್ದು ಅಂದರು. ಕೇಳಿದರೆ ಕೌಂಟರ್‌ನ ಹುಡುಗಿ, ‘ವೆದರ್ ಸರ್’ ಅಂದಳು. ಕಾಕಾ ಗಾಜಿನಾಚೆ ಕೈ ಮಾಡಿ, ‘ಆಕಾಶದಾಗ ಚಿಕ್ಕಿ ಕಾಣಾಕತ್ತಾವ, ಎಲ್ಲೈತವ್ವಾ ನಿನ್ನ ವೆದರ್?’ ಅಂದರಂತೆ.

ಆ ಪ್ರಶ್ನೆ ಸುಮ್ನೆ ನಗುವಂಥದ್ದಲ್ಲ. ಪರಿಹಾರದ ಇಡೀ ನಿಯಮ ನಿಂತಿರುವುದೇ ಅದರ ಮೇಲೆ. ಆದರೆ ಉತ್ತರ ಕಿಟಕಿಯಾಚೆಯ ಆಕಾಶದಲ್ಲಿ ಸಿಗುವುದಿಲ್ಲ. ಆ ವಿಮಾನ ಬೆಳಿಗ್ಗೆಯಿಂದ ಎಲ್ಲೆಲ್ಲಿ ಓಡಾಡಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಎನ್ನುವುದರಲ್ಲಿ ಸಿಗುತ್ತದೆ. ಅದನ್ನು ಹುಡುಕುವುದು ಹೇಗೆ ಅಂತ ಕಾಕಾ ಅವರ ಕೇಸನ್ನೇ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೊದಲು ನಿಯಮ ಏನು ಹೇಳುತ್ತದೆ ಅಂತ ನೋಡೋಣ, ಯಾಕಂದ್ರೆ ಇಲ್ಲಿ ಹೆಚ್ಚಿನವರಿಗೆ ಒಂದು ತಪ್ಪು ತಿಳಿವಳಿಕೆ ಇದೆ.

ಬರೀ ತಡವಾದರೆ ದುಡ್ಡಿಲ್ಲ

ನಮ್ಮ ದೇಶದಲ್ಲಿ ವಿಮಾನಯಾನದ ಮೇಲ್ವಿಚಾರಣೆ ಮಾಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಪ್ರಯಾಣಿಕರಿಗೆ ಏನು ಕೊಡಬೇಕು ಅಂತ ಅದು 2010ರಲ್ಲಿ ಒಂದು ನಿಯಮ ತಂದಿತು, ಆಮೇಲೆ ಹಲವು ಸಲ ತಿದ್ದಿದೆ. ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ವಿಮಾನ ತಡವಾಗುವುದು, ವಿಮಾನ ರದ್ದಾಗುವುದು, ಮತ್ತು ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿ ನಿಮ್ಮನ್ನು ಹತ್ತಿಸದೇ ಬಿಡುವುದು.

ತಡಕ್ಕೆ ನಗದು ಪರಿಹಾರ ಇಲ್ಲ. ಐದು ತಾಸು ಕೂರಿಸಿದರೂ ಈ ನಿಯಮದ ಪ್ರಕಾರ ಕೈಗೆ ಬರುವುದು ಊಟ, ಉಪಾಹಾರ, ಅಷ್ಟೇ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ ತಲುಪುವುದು ಮೂರು ತಾಸು ತಡವಾದರೆ, ಕಾರಣ ಕಂಪನಿಯದೇ ಆಗಿದ್ದರೆ, ದೂರ ನೋಡಿ 250ರಿಂದ 600 ಯೂರೋ ಕೊಡಬೇಕು. ಜರ್ಮನಿಯಲ್ಲಿ ಮಗ ಇರುವ ಯಾರೋ ಬರೆದದ್ದನ್ನು ಓದಿ ನಮ್ಮವರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಇಲ್ಲಿ ತಡಕ್ಕೆ ಸಿಗುವುದು ಹೀಗೆ. ಎರಡೂವರೆ ತಾಸಿನೊಳಗಿನ ಪ್ರಯಾಣವಾದರೆ, ಎರಡು ತಾಸು ತಡ ಆಗುತ್ತದೆ ಎಂದಾದಾಗ ತಿನ್ನಲು ಕುಡಿಯಲು ಕೊಡಬೇಕು. ನಮ್ಮ ಬೆಳಗಾವಿ–ಬೆಂಗಳೂರು, ಬೆಳಗಾವಿ–ಮುಂಬೈ ಎಲ್ಲ ಇದರಲ್ಲೇ ಬರುತ್ತವೆ. ದೇಶದೊಳಗಿನ ವಿಮಾನ ಆರು ತಾಸಿಗಿಂತ ಜಾಸ್ತಿ ತಡ ಎಂದಾದರೆ ಬೇರೆ ವಿಮಾನ ಅಥವಾ ಪೂರ್ತಿ ಟಿಕೆಟ್ ಹಣ ವಾಪಸ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ನಿಮ್ಮದು. ಹೋಟೆಲ್ ಸಿಗುವುದು 24 ತಾಸು ಮೀರಿದಾಗ. ರಾತ್ರಿ 8ರಿಂದ ಬೆಳಗಿನ 3ರ ನಡುವೆ ಹೊರಡಬೇಕಿದ್ದ ವಿಮಾನವಾದರೆ ಮಾತ್ರ ಆರು ತಾಸು ಮೀರಿದರೂ ಹೋಟೆಲ್ ಉಂಟು. ಕಾಕಾ ಅವರದ್ದು 6.40ರ ವಿಮಾನ, ಹಾಗಾಗಿ ಆ ರಾತ್ರಿಯ ಅನುಕೂಲದ ಹೊರಗೆ ಬಿತ್ತು.

ರದ್ದಾದರೆ ಮಾತ್ರ ಲೆಕ್ಕ ಶುರು

ರದ್ದಾದಾಗ ಮೊದಲು ಕೇಳಬೇಕಾದ ಪ್ರಶ್ನೆ: ನಿಮಗೆ ಯಾವಾಗ ಹೇಳಿದರು? ಎರಡು ವಾರ ಮೊದಲೇ ತಿಳಿಸಿ ಬೇರೆ ವಿಮಾನ ಅಥವಾ ಹಣ ವಾಪಸ್ ಕೊಟ್ಟರೆ ಕಂಪನಿಯ ಜವಾಬ್ದಾರಿ ಮುಗಿಯಿತು. ಎರಡು ವಾರದಿಂದ 24 ತಾಸಿನ ನಡುವೆ ತಿಳಿಸಿದರೆ, ನಿಮ್ಮ ಮೂಲ ಸಮಯದ ಎರಡು ತಾಸಿನೊಳಗೆ ಹೊರಡುವ ಇನ್ನೊಂದು ವಿಮಾನ ಕೊಡಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು. ಹೀಗೆ ತಿಳಿಸದೇ ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಆಗ ಪರಿಹಾರದ ಮಾತು ಬರುತ್ತದೆ. ಒಂದೇ ಟಿಕೆಟ್ ನಂಬರ್‌ನಲ್ಲಿ ಬುಕ್ ಮಾಡಿದ ಮುಂದಿನ ವಿಮಾನ ತಪ್ಪಿಹೋದರೂ ಇದೇ ನಿಯಮ.

ಪರಿಹಾರದ ಮೊತ್ತ ಪ್ರಯಾಣದ ಅವಧಿ ನೋಡಿ. ಈ ಅವಧಿಗೆ ಬ್ಲಾಕ್ ಟೈಮ್ ಅನ್ನುತ್ತಾರೆ. ವಿಮಾನ ನಿಂತ ಜಾಗ ಬಿಟ್ಟು ಕದಲಿದ ಕ್ಷಣದಿಂದ, ಊರು ತಲುಪಿ ಪೂರ್ತಿ ನಿಲ್ಲುವವರೆಗಿನ ಸಮಯ ಅದು, ಆಕಾಶದಲ್ಲಿದ್ದ ಸಮಯವಷ್ಟೇ ಅಲ್ಲ. ಒಂದು ತಾಸಿನವರೆಗೆ 5,000 ರೂಪಾಯಿ, ಒಂದರಿಂದ ಎರಡು ತಾಸಿಗೆ 7,500, ಅದಕ್ಕೂ ಮೇಲಾದರೆ 10,000.

ಪತ್ರಿಕೆಗಳಲ್ಲಿ ಈ ಮೂರು ಅಂಕಿ ದಪ್ಪಕ್ಷರದಲ್ಲಿ ಬರುತ್ತವೆ. ಅದರ ಜೊತೆಗಿರುವ ಅರ್ಧ ಸಾಲು ಬಿಟ್ಟುಹೋಗುತ್ತದೆ. ನಿಯಮ ಹೇಳುವುದು ‘7,500 ರೂಪಾಯಿ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು’. ಅಂದರೆ 7,500 ಎನ್ನುವುದು ಮೇಲಿನ ಮಿತಿ. ನೀವು ಎರಡು ಸಾವಿರಕ್ಕೆ ಟಿಕೆಟ್ ತೆಗೆದಿದ್ದರೆ ಪರಿಹಾರ ಎರಡು ಸಾವಿರವನ್ನೂ ಮುಟ್ಟುವುದಿಲ್ಲ, ಯಾಕಂದ್ರೆ ತೆರಿಗೆ, ನಿಲ್ದಾಣದ ಶುಲ್ಕ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಸಣ್ಣ ಅಕ್ಷರದ ವಿಷಯ. ಕಂಪನಿ ಕೊಡಬೇಕಾದ್ದು ಬೇರೆ ವಿಮಾನ, ಅಥವಾ ಪೂರ್ತಿ ಹಣ ವಾಪಸ್ ಜೊತೆಗೆ ಪರಿಹಾರ. ನಡುವೆ ಇರುವುದು ‘ಅಥವಾ’. ಯಾವುದು ಬೇಕು ಎನ್ನುವುದು ನಿಮ್ಮ ಒಪ್ಪಿಗೆಗೆ ಬಿಟ್ಟದ್ದು, ಆದರೆ ‘ಆಯ್ತು, ನಾಳೆ ಬೆಳಿಗ್ಗೆಯ ವಿಮಾನಕ್ಕೆ ಹಾಕಿ’ ಅಂತ ಒಮ್ಮೆ ಅಂದುಬಿಟ್ಟರೆ ಈ ನಿಯಮದ ಪರಿಹಾರ ಆ ಕೌಂಟರ್‌ನಲ್ಲೇ ಉಳಿದುಹೋಗುತ್ತದೆ. ಮದುವೆಗೆ ಹೊರಟವರು ವಿಮಾನವನ್ನೇ ಆರಿಸಿಕೊಳ್ಳಬೇಕು, ಅದರಲ್ಲಿ ತಪ್ಪೇನಿಲ್ಲ. ಗೊತ್ತಿದ್ದು ಆರಿಸಿಕೊಂಡರೆ ಒಳ್ಳೆಯದು ಅಷ್ಟೇ. ಹಾಗೆಯೇ ಪರಿಹಾರವನ್ನು ವೋಚರ್ ರೂಪದಲ್ಲಿ ಕೊಡಲು ನಿಮ್ಮ ಸಹಿಯ ಒಪ್ಪಿಗೆ ಬೇಕು. ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕುವ ಮೊದಲು ಓದಿ.

ಹತ್ತಿಸದೇ ಬಿಡುವ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅದರಲ್ಲಿ ಒಂದು ತಾಸಿನೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ತಾಸಿನೊಳಗಿನ ವಿಮಾನವಾದರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಹೆಚ್ಚೆಂದರೆ 10,000. ಅದಕ್ಕೂ ಆಮೇಲಾದರೆ ನಾಲ್ಕು ಪಟ್ಟು, ಹೆಚ್ಚೆಂದರೆ 20,000.

ಲೋಳಸೂರ ಸೇತುವೆ ಮತ್ತು ಪಂಕ್ಚರ್

ಈಗ ಮುಖ್ಯ ಪ್ರಶ್ನೆ. ಮೇಲೆ ಹೇಳಿದ ಪರಿಹಾರ ಕೊಡಬೇಕಾಗಿಲ್ಲ ಅಂತ ನಿಯಮವೇ ಒಂದು ಬಾಗಿಲು ತೆರೆದಿಟ್ಟಿದೆ. ಕಾರಣ ಕಂಪನಿಯ ಕೈಮೀರಿದ್ದಾದರೆ ಪರಿಹಾರವಿಲ್ಲ. ಪಟ್ಟಿಯಲ್ಲಿ ಪ್ರವಾಹ, ಗಲಭೆ, ಸರ್ಕಾರದ ಆದೇಶ, ಮುಷ್ಕರ, ಹವಾಮಾನ, ಭದ್ರತೆಯ ಅಪಾಯ, ವಿಮಾನ ಸಂಚಾರ ನಿಯಂತ್ರಣ ಕೇಂದ್ರದ ತೀರ್ಮಾನ ಎಲ್ಲ ಇವೆ. ಕೊನೆಗೆ ‘ಕೈಮೀರಿದ ಇತರ ಕಾರಣಗಳು’ ಅಂತಲೂ ಇದೆ.

ಹಾಗಾದರೆ ಏನು ಬೇಕಾದರೂ ಹೇಳಿ ತಪ್ಪಿಸಿಕೊಳ್ಳಬಹುದಲ್ವಾ ಅನ್ನಿಸುತ್ತದೆ. ಇಲ್ಲ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಕಂಪನಿ ಸಾಧ್ಯವಿದ್ದ ಎಲ್ಲ ಸರಿಯಾದ ಕ್ರಮ ತೆಗೆದುಕೊಂಡಿದ್ದರೂ ತಪ್ಪಿಸಲು ಆಗುತ್ತಿರಲಿಲ್ಲ ಎನ್ನುವಂತಿರಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಈ ಎರಡನೇ ಪರೀಕ್ಷೆಯನ್ನೂ ದಾಟಬೇಕು.

ನಮ್ಮ ಬಸ್ಸನ್ನೇ ನೋಡಿ. ಘಟಪ್ರಭಾ ಉಕ್ಕಿ ಗೋಕಾಕ ಹತ್ತಿರದ ಲೋಳಸೂರ ಸೇತುವೆ ಮುಳುಗಿದಾಗ ಬಸ್ ನಿಂತರೆ ಡಿಪೋದವರನ್ನು ಯಾರೂ ಬೈಯುವುದಿಲ್ಲ. ಆದರೆ ಟೈರ್ ಪಂಕ್ಚರ್ ಆಗಿ, ಸ್ಟೆಪ್ನಿಯೂ ಇಲ್ಲದೆ ನಿಂತರೆ? ಪಂಕ್ಚರ್ ಯಾವಾಗ ಆಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ ನಿಜ, ಆದರೆ ಬಸ್ ಓಡಿಸುವವರಿಗೆ ಪಂಕ್ಚರ್ ಆಗೇ ಆಗುತ್ತದೆ ಅಂತ ಗೊತ್ತಿರಲೇಬೇಕು, ಅದಕ್ಕೇ ಸ್ಟೆಪ್ನಿ ಇಡುವುದು. ಇನ್ನು ಬೆಳಿಗ್ಗೆ ಸೇತುವೆ ಮುಳುಗಿ ಮಧ್ಯಾಹ್ನ ನೀರು ಇಳಿದ ಮೇಲೆ, ಡ್ರೈವರ್ ಇಲ್ಲ ಅಂತ ಸಂಜೆಯ ಬಸ್ ಬಿಡದಿದ್ದರೆ, ಅದಕ್ಕೂ ‘ಹೊಳೆ ಬಂದಿತ್ತು’ ಅಂದರೆ ಒಪ್ಪುತ್ತೀರಾ? ವಿಮಾನದಲ್ಲಿ ಬರುವ ಎಷ್ಟೋ ಜಗಳ ಈ ಮೂರನೇ ತರಹದ್ದು.

ತಾಂತ್ರಿಕ ದೋಷದ ಬಗ್ಗೆ ಒಂದು ಮಾತು. ನಮ್ಮ ನಿಯಮದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಯುರೋಪಿನ ನ್ಯಾಯಾಲಯ 2008ರಲ್ಲೇ ಇದನ್ನು ಬಿಡಿಸಿ ಹೇಳಿದೆ: ವಿಮಾನ ಓಡಿಸುವವರಿಗೆ ರಿಪೇರಿ ದಿನನಿತ್ಯದ ಕೆಲಸ, ಹಾಗಾಗಿ ಮಾಮೂಲಿ ದೋಷ ‘ಅಸಾಧಾರಣ ಸಂದರ್ಭ’ ಆಗುವುದಿಲ್ಲ. ಆ ತೀರ್ಪು ನಮ್ಮಲ್ಲಿ ನೇರವಾಗಿ ಅನ್ವಯಿಸುವುದಿಲ್ಲ, ಆದರೆ ತರ್ಕ ಅದೇ ಸ್ಟೆಪ್ನಿಯದ್ದು.

ಮಂಜು ಅಂದರೆ ಮಾತು ಮುಗಿಯಿತಾ?

ಮಂಜಿನ ಬಗ್ಗೆ ಸುಪ್ರೀಂ ಕೋರ್ಟ್ 2011ರಲ್ಲಿ ಒಂದು ತೀರ್ಪು ಕೊಟ್ಟಿದೆ. ದೆಹಲಿಯಿಂದ ಹೈದರಾಬಾದಿಗೆ ಹೊರಟವರೊಬ್ಬರು ಮಂಜಿನಿಂದಾಗಿ ತಾಸುಗಟ್ಟಲೆ ವಿಮಾನದೊಳಗೇ ಕೂರಬೇಕಾಗಿ ಬಂದ ಕೇಸ್ ಅದು. ಮಂಜಿನಿಂದಾದ ತಡಕ್ಕೆ ಕಂಪನಿಯನ್ನು ಹೊಣೆ ಮಾಡಲಾಗದು, ಆದರೆ ಕಾಯುವ ಪ್ರಯಾಣಿಕರಿಗೆ ಊಟ, ನೀರು, ಶೌಚಾಲಯದಂಥ ಕನಿಷ್ಠ ಅನುಕೂಲ ಕೊಡದಿದ್ದರೆ ಅದು ಸೇವೆಯಲ್ಲಿನ ಕೊರತೆಯೇ ಅಂತ ಕೋರ್ಟ್ ಹೇಳಿತು. ಅಂದರೆ ‘ವೆದರ್’ ಅಂದ ಕೂಡಲೇ ನಗದು ಹೋಗಬಹುದು, ಊಟ ಹೋಗುವುದಿಲ್ಲ.

ನಗದು ಕೂಡ ಯಾವಾಗಲೂ ಹೋಗಬೇಕಾಗಿಲ್ಲ. ದಟ್ಟ ಮಂಜಿನಲ್ಲಿ ಇಳಿಯಲು ಮೂರು ಸೇರಬೇಕು: ನಿಲ್ದಾಣದಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ, ವಿಮಾನದಲ್ಲಿ ಅದಕ್ಕೆ ತಕ್ಕ ಉಪಕರಣ, ಮತ್ತು ಅದರ ತರಬೇತಿ ಪಡೆದ ಪೈಲಟ್. ಇದಕ್ಕೆ ಕ್ಯಾಟ್ 3 ಅನ್ನುತ್ತಾರೆ. 2023ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯ ಮಂಜಿನಲ್ಲಿ ಹಲವು ವಿಮಾನಗಳು ಇಳಿಯಲಾಗದೆ ಬೇರೆ ಊರಿಗೆ ಹೋದವು. ವಿಚಾರಿಸಿದಾಗ ಕಂಡದ್ದು, ಆ ಹೊತ್ತಿನ ಪಾಳಿಗೆ ಕ್ಯಾಟ್ 3 ತರಬೇತಿ ಇಲ್ಲದ ಪೈಲಟ್‌ಗಳನ್ನು ಹಾಕಿದ್ದರು. 2024ರ ಜನವರಿಯಲ್ಲಿ ಡಿಜಿಸಿಎ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗೆ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಮಂಜು ದೇವರದ್ದು, ಪಾಳಿಪಟ್ಟಿ ಕಂಪನಿಯದ್ದು!

ಹಾಗಾಗಿ ಅದೇ ನಿಲ್ದಾಣದಲ್ಲಿ ಅದೇ ಅರ್ಧ ತಾಸಿನಲ್ಲಿ ಬೇರೆಯವರ ವಿಮಾನಗಳು ಇಳಿಯುತ್ತಿವೆಯಾ ಅಂತ ನೋಡಬೇಕು. ಆದರೆ ಇಲ್ಲೊಂದು ಎಚ್ಚರ. ನಮ್ಮ ಸಣ್ಣ ಊರುಗಳಿಗೆ ಬರುವ ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲರ್ ಇರುವ ಎಟಿಆರ್ ವಿಮಾನವನ್ನು ದೊಡ್ಡ ಜೆಟ್ ಜೊತೆ ಹೋಲಿಸಬಾರದು, ಎರಡರ ಇಳಿಯುವ ಮಿತಿ ಬೇರೆ. ಹೋಲಿಕೆ ಆದಷ್ಟು ಅದೇ ತರಹದ ವಿಮಾನದ ಜೊತೆ ಇರಲಿ.

2025ರ ಡಿಸೆಂಬರ್ ಮೊದಲ ವಾರ ನೆನಪಿದೆಯಲ್ಲ, ಇಂಡಿಗೊ ದೇಶದ ತುಂಬ ಸಾವಿರಾರು ವಿಮಾನ ರದ್ದು ಮಾಡಿತ್ತು. ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮ ಅದರ ಹಿಂದಿತ್ತು. ವಾರದ ವಿಶ್ರಾಂತಿ 36 ತಾಸಿನಿಂದ 48 ತಾಸಿಗೆ ಏರಿತ್ತು, ರಾತ್ರಿ ಇಳಿಸುವಿಕೆಗೂ ಮಿತಿ ಬಂದಿತ್ತು. ‘ಸರ್ಕಾರದ ನಿಯಮ’ ಅಂತ ನೋಡಿದರೆ ಇದು ವಿನಾಯಿತಿಯ ಪಟ್ಟಿಯಲ್ಲಿ ಕೂರುವ ಹಾಗೆ ಕಾಣುತ್ತದೆ. ಎರಡನೇ ಪರೀಕ್ಷೆಗೆ ಹಾಕಿ ನೋಡಿ. ಆ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ, ಕೊನೆಯ ಹಂತ ಜಾರಿಗೆ ಬಂದದ್ದು 2025ರ ನವೆಂಬರ್ 1ಕ್ಕೆ. ಮೊದಲೇ ಗೊತ್ತಿದ್ದದ್ದಕ್ಕೆ ತಯಾರಾಗದಿರುವುದನ್ನು ಕೈಮೀರಿದ್ದು ಅನ್ನುವುದು ಕಷ್ಟ. ಹೊರಡುವ 24 ತಾಸಿನೊಳಗೆ ರದ್ದಾದವರಿಗೆ 5,000ದಿಂದ 10,000 ರೂಪಾಯಿ ಕೊಡುತ್ತೇವೆ ಅಂತ ಕಂಪನಿಯೇ ಹೇಳಿತು.

ಕಾಕಾ ಅವರ ವಿಮಾನದ ಒಂದು ದಿನ

ಈಗ ನಮ್ಮ ಕೇಸಿಗೆ ಬರೋಣ. ಕಾಕಾ ಮರುದಿನದ ವಿಮಾನ ಬೇಡ ಅಂದು, ಹಣ ವಾಪಸ್ ಕೇಳಿ, ಪೀಣ್ಯಕ್ಕೆ ಬಂದು ರಾತ್ರಿ ಬಸ್ ಹತ್ತಿದ್ದರು. ಬೆಳಿಗ್ಗೆ ನನಗೆ ಫೋನ್ ಮಾಡಿ, ‘ತಮ್ಮಾ, ಇದರಾಗ ಏನರ ಐತೇನು ನೋಡು’ ಅಂದರು. ನಾನು ನೋಡಿದ್ದು ಎರಡೇ ವಿಷಯ, ಮೊದಲನೆಯದು ಆ ವಿಮಾನದ ದಿನಚರಿ.

ಪ್ರತಿ ವಿಮಾನಕ್ಕೂ ಬಸ್ಸಿನ ನಂಬರ್ ಪ್ಲೇಟ್ ತರಹ ಒಂದು ನೋಂದಣಿ ಸಂಖ್ಯೆ ಇರುತ್ತದೆ, ನಮ್ಮ ದೇಶದ್ದಾದರೆ `VT-` ಅಂತ ಶುರುವಾಗುತ್ತದೆ. `flightradar24.com` ಎಂಬ ತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿದರೆ, ಯಾವ ನೋಂದಣಿಯ ವಿಮಾನ ಬರಬೇಕಿತ್ತು ಅಂತ ಗೊತ್ತಾಗುತ್ತದೆ. ಆ ನೋಂದಣಿಯನ್ನು ಒತ್ತಿದರೆ ಅದು ಇಡೀ ದಿನ ಎಲ್ಲೆಲ್ಲಿ ಹೋಯಿತು ಅಂತ ಪಟ್ಟಿ ಬರುತ್ತದೆ. ಪುಕ್ಕಟೆಯಾಗಿ ಕಾಣುವುದು ಹಿಂದಿನ ಏಳು ದಿನದ್ದು ಮಾತ್ರ, ಆದ್ದರಿಂದ ವಾರದೊಳಗೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ರದ್ದಾದ ವಿಮಾನಕ್ಕೆ ಕೆಲವೊಮ್ಮೆ ನೋಂದಣಿ ಕಾಣುವುದೇ ಇಲ್ಲ, ಅದಕ್ಕೇ ಕಾಯುತ್ತಿರುವಾಗಲೇ ನೋಡಿಕೊಳ್ಳುವುದು ಉತ್ತಮ. ಕಾಕಾ ಅವರ ಪಕ್ಕದಲ್ಲಿ ಕೂತಿದ್ದ ಬೆಳಗಾವಿಯ ಹುಡುಗನೊಬ್ಬ ಪುಣ್ಯಕ್ಕೆ ನೋಡಿ ಬರೆದುಕೊಟ್ಟಿದ್ದ.

ಆ ವಿಮಾನ ಬೆಳಿಗ್ಗೆ 6.10ಕ್ಕೆ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಡಬೇಕಿತ್ತು. ಹೊರಟದ್ದು 8.50ಕ್ಕೆ, ಅಂದರೆ 2 ತಾಸು 40 ನಿಮಿಷ ತಡ. ಆಮೇಲೆ ಪ್ರತಿ ನಿಲ್ದಾಣದಲ್ಲೂ ಸ್ವಲ್ಪ ಸ್ವಲ್ಪ ಸಮಯ ಉಳಿಸಿಕೊಳ್ಳುತ್ತ ಬಂದು, ಮಧ್ಯಾಹ್ನ 2.20ಕ್ಕೆ ಬೆಂಗಳೂರಿಗೆ ವಾಪಸ್ ಇಳಿಯುವಾಗ ತಡ 50 ನಿಮಿಷಕ್ಕೆ ಇಳಿದಿತ್ತು. ಮುಂದೆ 3 ಗಂಟೆಗೆ ಕೊಚ್ಚಿಗೆ ಹೋಗಿ ಬಂದು, 6.40ಕ್ಕೆ ಬೆಳಗಾವಿಗೆ ಹೊರಡಬೇಕು. ಆದರೆ ಕೊಚ್ಚಿಗೆ ಹೊರಟದ್ದೇ ಸಂಜೆ 5.40ಕ್ಕೆ. 2.20ರಿಂದ 5.40ರವರೆಗೆ ವಿಮಾನ ಬೆಂಗಳೂರಿನಲ್ಲೇ ನಿಂತಿತ್ತು. ಕೊಚ್ಚಿಯಿಂದ ವಾಪಸ್ ಇಳಿದದ್ದು ರಾತ್ರಿ 8.30ಕ್ಕೆ. 9.10ಕ್ಕೆ ಬೆಳಗಾವಿ ವಿಮಾನ ರದ್ದು.

ಎರಡನೆಯದು ಹವಾಮಾನ. ನಿಲ್ದಾಣಗಳು ದಿನವಿಡೀ ಅರ್ಧ ತಾಸಿಗೋ ತಾಸಿಗೋ ಒಂದು ಹವಾಮಾನ ವರದಿ ಹೊರಡಿಸುತ್ತವೆ. ಅದಕ್ಕೆ ಮೆಟಾರ್ ಎಂದು ಹೆಸರು. ಹಳೆಯವು `ogimet.com` ತಾಣದಲ್ಲಿ ಸಿಗುತ್ತವೆ, ಬೆಂಗಳೂರಿನ ಸಂಕೇತ `VOBL`. ನೋಡಲು ಮಂತ್ರದ ಹಾಗಿರುತ್ತದೆ, ಆದರೆ ನಮಗೆ ಬೇಕಾದ್ದು ಎರಡು ಮೂರು ತುಂಡು ಅಷ್ಟೇ. ಆ ದಿನದ ಬೆಳಗಿನದು ಮತ್ತು ಸಂಜೆಯದು ಹೀಗಿದ್ದವು:

```
VOBL 180130Z 00000KT 0200 FG VV001 16/16 Q1017
VOBL 181230Z 08006KT 6000 SCT020 24/17 Q1014
```

ಮೊದಲ ಸಾಲಿನ `180130Z` ಎಂದರೆ 18ನೇ ತಾರೀಖು, 01.30. ಇಲ್ಲೇ ಜನ ಎಡವುವುದು. `Z` ಎಂದರೆ ಗ್ರೀನಿಚ್ ಸಮಯ, ನಮ್ಮದು ಬೇಕಾದರೆ ಐದೂವರೆ ತಾಸು ಕೂಡಿಸಬೇಕು, ಅಂದರೆ ಬೆಳಿಗ್ಗೆ 7 ಗಂಟೆ. `0200` ಎಂದರೆ 200 ಮೀಟರ್ ಆಚೆಗೆ ಏನೂ ಕಾಣುತ್ತಿಲ್ಲ, `FG` ಎಂದರೆ ಮಂಜು. ಎರಡನೆಯದು ಸಂಜೆ 6 ಗಂಟೆಯದು. `6000`, ಅಂದರೆ ಆರು ಕಿಲೋಮೀಟರ್ ದೂರ ಕಾಣುತ್ತಿದೆ, ಮಂಜಿಲ್ಲ, ಮಳೆಯಿಲ್ಲ.

ಈಗ ಎರಡನ್ನೂ ಜೋಡಿಸಿ. ಕೌಂಟರ್‌ನ ಹುಡುಗಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬೆಳಿಗ್ಗೆ ಮಂಜಿತ್ತು, 2 ತಾಸು 40 ನಿಮಿಷದ ಮೊದಲ ತಡ ಮಂಜಿನದ್ದೇ. ಅದನ್ನು ಕಂಪನಿಯ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಆದರೆ ಮಧ್ಯಾಹ್ನ 2.20ರ ಹೊತ್ತಿಗೆ ಮಂಜಿನ ಸಾಲದಲ್ಲಿ ಉಳಿದಿದ್ದದ್ದು 50 ನಿಮಿಷ ಮಾತ್ರ. ಅಷ್ಟೇ ಇದ್ದಿದ್ದರೆ ಬೆಳಗಾವಿ ವಿಮಾನ ಹೆಚ್ಚೆಂದರೆ ಏಳೂವರೆಗೆ ಹೊರಡುತ್ತಿತ್ತು. ಮೊದಲು ಹೇಳಿದ ಹೊಸ ಸಮಯವೂ ಅದೇ ಅಲ್ವಾ? ರದ್ದಾಗುವ ಹಾಗೆ ಮಾಡಿದ್ದು ಬೆಂಗಳೂರಿನಲ್ಲಿ ಮೂರು ತಾಸಿಗಿಂತ ಹೆಚ್ಚು ನಿಂತದ್ದು. ಆ ಹೊತ್ತಿನಲ್ಲಿ ಬೆಂಗಳೂರಿನಿಂದ ಕೊಚ್ಚಿಗೆ ಬೇರೆ ವಿಮಾನಗಳು ವೇಳೆಗೆ ಸರಿಯಾಗಿ ಹೋಗಿದ್ದವು, ಹಾಗಾಗಿ ಕೊಚ್ಚಿಯ ಹವಾಮಾನ, ಸಂಚಾರ ನಿಯಂತ್ರಣ ಎರಡೂ ಕಾರಣವಲ್ಲ. ಉಳಿಯುವುದು ರಿಪೇರಿ ಅಥವಾ ಸಿಬ್ಬಂದಿ.

ಸಿಬ್ಬಂದಿಯ ವಿಷಯ ನಿಜಕ್ಕೂ ಗೋಜಲಿನದು. ಪೈಲಟ್‌ಗೆ ದಿನಕ್ಕೆ ಇಷ್ಟೇ ತಾಸು ಕೆಲಸ ಅಂತ ಮಿತಿ ಇದೆ, ಅದು ನಮ್ಮ ಜೀವಕ್ಕಾಗಿಯೇ ಇರುವುದು. ಬೆಳಿಗ್ಗೆ ಮಂಜಿನಲ್ಲಿ ಕಾದ ಸಮಯವೂ ಅದರಲ್ಲಿ ಕಳೆಯುತ್ತದೆ, ಸಂಜೆಗೆ ಮಿತಿ ಮುಟ್ಟಿದರೆ ಅವರು ಹಾರಿಸುವಂತಿಲ್ಲ. ಆಗ ‘ಮೂಲ ಕಾರಣ ಮಂಜೇ’ ಅಂತ ಕಂಪನಿ ಹೇಳಬಹುದು. ಆ ವಾದ ನಿಲ್ಲುತ್ತದೋ ಇಲ್ಲವೋ ಎನ್ನುವುದು ಜಾಗ ನೋಡಿ ನಿರ್ಧಾರವಾಗುತ್ತದೆ. ಸಿಬ್ಬಂದಿಯ ಮಿತಿ ಸಾಂಬ್ರಾದಲ್ಲಿ ಮುಗಿದರೆ, ಬದಲಿ ಪೈಲಟ್ ಅಲ್ಲಿ ಎಲ್ಲಿಂದ ಸಿಗಬೇಕು, ಆ ಮಾತನ್ನು ಒಪ್ಪಬಹುದು. ಬೆಂಗಳೂರಿನಂಥ ಸ್ವಂತ ನೆಲೆಯಲ್ಲಿ, ಮಂಜು ಕರಗಿ ಆರೇಳು ತಾಸಾದ ಮೇಲೂ ಬದಲಿಯವರು ಸಿಗಲಿಲ್ಲ ಅಂದರೆ ‘ಸರಿಯಾದ ಕ್ರಮ’ ತೆಗೆದುಕೊಂಡೆವು ಅಂತ ತೋರಿಸುವ ಹೊರೆ ಅವರ ಮೇಲಿದೆ.

‘ಕಾರ್ಯಾಚರಣೆಯ ಕಾರಣ’ ಎಂಬ ಚೀಲ

ಕಾಕಾ ಅವರಿಗೆ ಬಂದ ಲಿಖಿತ ಉತ್ತರದಲ್ಲಿ ಹವಾಮಾನ ಅಂತ ಇರಲಿಲ್ಲ, ‘ಕಾರ್ಯಾಚರಣೆಯ ಕಾರಣ’ ಅಂತಿತ್ತು. ಈ ಮಾತು ಒಂದು ಚೀಲವಿದ್ದ ಹಾಗೆ, ಒಳಗೆ ಏನು ಬೇಕಾದರೂ ಇರಬಹುದು. ಆದರೆ ಕಂಪನಿಗಳ ಒಳಗಿನ ದಾಖಲೆಯಲ್ಲಿ ಅಷ್ಟು ಮಸುಕಾಗಿ ಬರೆಯುವುದಿಲ್ಲ. ಪ್ರತಿ ತಡಕ್ಕೂ ಎರಡಂಕಿಯ ಒಂದು ಕೋಡ್ ಇರುತ್ತದೆ, ಜಗತ್ತಿನ ಹೆಚ್ಚಿನ ಕಂಪನಿಗಳು ಅದನ್ನೇ ಬಳಸುತ್ತವೆ. 41 ಅಂದರೆ ವಿಮಾನದ ದೋಷ. 71 ಹೊರಡುವ ಊರಿನ ಹವಾಮಾನ, 72 ತಲುಪುವ ಊರಿನದು. 93 ಅಂದರೆ ಹಿಂದಿನ ಹಾರಾಟದಿಂದ ವಿಮಾನವೇ ತಡವಾಗಿ ಬಂತು ಅಂತ. ಸಂಜೆಯ ವಿಮಾನಗಳಲ್ಲಿ ಕಾಣಬೇಕಾದದ್ದು ಮುಖ್ಯವಾಗಿ ಈ 93. ಅದು ಕಾರಣವಲ್ಲ, ಕಾರಣ ಹಿಂದಿದೆ ಅಂತ ಬೆರಳು ತೋರಿಸುವುದು ಅಷ್ಟೇ. ಆದ್ದರಿಂದ ದೂರಿನಲ್ಲಿ ‘ಯಾಕೆ ರದ್ದಾಯಿತು’ ಅಂತ ಕೇಳುವುದಕ್ಕಿಂತ, ‘ಈ ನೋಂದಣಿಯ ವಿಮಾನ ಮಧ್ಯಾಹ್ನ 2.20ರಿಂದ 5.40ರವರೆಗೆ ಬೆಂಗಳೂರಿನಲ್ಲಿ ಯಾಕೆ ನಿಂತಿತ್ತು, ಆ ಹಾರಾಟದ ತಡದ ಕೋಡ್ ಏನು’ ಅಂತ ಕೇಳಿದರೆ ಸಿಗುವ ಉತ್ತರವೇ ಬೇರೆ.

ಉತ್ತರ ಕೊಡದಿದ್ದರೂ ನೀವು ಸೋತ ಹಾಗಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ರೈಲಿನ ಕೇಸಿನಲ್ಲಿ ಇದನ್ನು ಹೇಳಿದೆ. ರೈಲು ನಾಲ್ಕು ತಾಸು ತಡವಾಗಿ ಜಮ್ಮು ಮುಟ್ಟಿದ್ದರಿಂದ ಒಂದು ಕುಟುಂಬಕ್ಕೆ ಶ್ರೀನಗರದ ವಿಮಾನ ತಪ್ಪಿತ್ತು. ತಡಕ್ಕೆ ಕೈಮೀರಿದ ಕಾರಣವಿತ್ತು ಅಂತ ರೈಲ್ವೆಯೇ ಸಾಬೀತು ಮಾಡಬೇಕು, ಮಾಡದಿದ್ದರೆ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳಿತು. ಕಾರಣದ ಕಾಗದಪತ್ರವೆಲ್ಲ ಸಾಗಿಸುವವರ ಹತ್ತಿರವೇ ಇರುವಾಗ ಪ್ರಯಾಣಿಕ ಏನಂತ ಸಾಬೀತು ಮಾಡಬೇಕು?

ಮೊದಲು ಕಂಪನಿಗೇ ಬರೆಯಬೇಕು, ಅಲ್ಲಿ ನೋಡಲ್ ಅಧಿಕಾರಿ ಅಂತ ಇರುತ್ತಾರೆ. ಆಗದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಬಾಗಲಕೋಟೆಯವರು ಬಾಗಲಕೋಟೆಯಲ್ಲಿ, ವಿಜಯಪುರದವರು ವಿಜಯಪುರದಲ್ಲಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಡಿಜಿಸಿಎ ಮಿತಿಯನ್ನು ಮೀರಿ ನಿಮಗಾದ ನಷ್ಟ ಕೇಳುವುದಿದ್ದರೂ, ಬರೀ ತಡದಿಂದ ಆದ ನಷ್ಟ ಕೇಳುವುದಿದ್ದರೂ ಜಾಗ ಇದೇ.

ಕೈಗೆ ಬಂದದ್ದು

ಬೆಂಗಳೂರು–ಬೆಳಗಾವಿ ಆ ವಿಮಾನದ ಬ್ಲಾಕ್ ಟೈಮ್ 1 ತಾಸು 25 ನಿಮಿಷ. ಹಾಗಾಗಿ 7,500ರ ಸಾಲು. ಟಿಕೆಟ್ 4,310 ರೂಪಾಯಿ. ಅದರಲ್ಲಿ ಮೂಲ ದರ 2,850, ಇಂಧನ ಶುಲ್ಕ 450, ಉಳಿದದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕ. 2,850 ಮತ್ತು 450 ಕೂಡಿಸಿದರೆ 3,300. ಇದು 7,500ಕ್ಕಿಂತ ಕಡಿಮೆ, ಹಾಗಾಗಿ ಪರಿಹಾರ 3,300. ಟಿಕೆಟ್ ಹಣ 4,310 ಬೇರೆ. ಒಟ್ಟು 7,610.

ಟಿಕೆಟ್ ಹಣ ವಾರದಲ್ಲಿ ಬಂತು. ಪರಿಹಾರಕ್ಕೆ ಮೊದಲ ಉತ್ತರ ‘ಇಲ್ಲ’. ಕಾರಣ ಕೇಳಿದರೆ ಹೊಸದೊಂದು ಹೇಳಿದರು: ಬುಕಿಂಗ್‌ನಲ್ಲಿ ಪ್ರಯಾಣಿಕರ ಸರಿಯಾದ ಫೋನ್ ನಂಬರ್ ಇಲ್ಲ. ಅದು ಸುಳ್ಳಲ್ಲ! ಬಾಗಲಕೋಟೆಯ ಏಜೆಂಟ್ ಎಲ್ಲರ ಟಿಕೆಟ್‌ಗೂ ತನ್ನ ನಂಬರನ್ನೇ ಹಾಕುತ್ತಿದ್ದ, ಮೆಸೇಜ್ ಎಲ್ಲ ಅವನಿಗೇ ಹೋಗುತ್ತಿದ್ದವು. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ಪರಿಹಾರವಿಲ್ಲ ಅಂತ ನಿಯಮದಲ್ಲೂ ಇದೆ. ಆದರೆ ಇಲ್ಲಿ ರದ್ದಾದ ಸುದ್ದಿ ಬಂದಾಗ ಕಾಕಾ ಬೋರ್ಡಿಂಗ್ ಪಾಸ್ ಹಿಡಿದು ಗೇಟಿನ ಮುಂದೆಯೇ ಕೂತಿದ್ದರು. ನಂಬರ್ ಸರಿ ಇದ್ದಿದ್ದರೂ ಎರಡು ವಾರ ಮೊದಲು ಯಾರೂ ಹೇಳುತ್ತಿರಲಿಲ್ಲ. ಇದನ್ನು, ಬೋರ್ಡಿಂಗ್ ಪಾಸ್‌ನ ಫೋಟೋ, ವಿಮಾನದ ದಿನಚರಿಯ ಸ್ಕ್ರೀನ್‌ಶಾಟ್, ಎರಡು ಮೆಟಾರ್ ಸಾಲುಗಳ ಜೊತೆ ನೋಡಲ್ ಅಧಿಕಾರಿಗೆ ಬರೆದೆವು. ಹದಿನೆಂಟು ದಿನಕ್ಕೆ 3,300 ಖಾತೆಗೆ ಬಂತು. ನಿಂತದ್ದು ಯಾಕೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಕಾಕಾ ಆಮೇಲೆ ಏಜೆಂಟ್ ಅಂಗಡಿಗೆ ಹೋಗಿ ಮಾಡಿದ ಮೊದಲ ಕೆಲಸ, ಮುಂದಿನ ಟಿಕೆಟ್‌ನಲ್ಲಿ ತಮ್ಮ ನಂಬರ್ ಹಾಕಿಸಿ ಅದಕ್ಕೆ ಮೆಸೇಜ್ ಬರುವವರೆಗೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತದ್ದು.